ಬಯೋಸ್‌ನಲ್ಲಿ ಗ್ರಾಫಿಕ್ಸ್ ಮೆಮೊರಿ ಹೆಚ್ಚಿಸಿದರೆ ಗೇಮ್ ಚೆನ್ನಾಗಿ ಓಡುತ್ತಾ?

ನಮ್ಮಕ್ಕನ ಮಗ ಹಾಸನದಿಂದ ಫೋನ್ ಮಾಡಿದ್ದ. "ಮಾಮ, ಬಯೋಸ್‌ಗೆ ಹೋಗಿ ಗ್ರಾಫಿಕ್ಸ್ ಮೆಮೊರಿ 4 ಜಿಬಿ ಮಾಡಿದೆ. ಈಗ ಗೇಮ್ ಮೊದಲಿಗಿಂತ ಜಾಸ್ತಿ ನಿಂತು ನಿಂತು ಓಡ್ತಿದೆ. ನಾನೇನು ತಪ್ಪು ಮಾಡಿದೆ?"

ಅವನ ಹತ್ತಿರ ಇರುವುದು ಎಎಂಡಿಯ ರೈಜನ್ 5 5600ಜಿ ಪ್ರೊಸೆಸರ್ ಹಾಕಿದ ಕಂಪ್ಯೂಟರ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. 8 ಜಿಬಿಯ ಒಂದೇ ಒಂದು ಡಿಡಿಆರ್4 ರ‍್ಯಾಮ್ ಕಡ್ಡಿ. ಗೇಮ್ ಆಡಬೇಕು ಅಂತ ಆಸೆ ಇಟ್ಟುಕೊಂಡು ಇಂಥದ್ದೇ ಕಂಪ್ಯೂಟರ್ ಕೊಂಡವರು ತುಂಬಾ ಜನ ಇದ್ದಾರೆ. ಅವರೆಲ್ಲರ ಕೈಗೆ ಮೊದಲು ಸಿಗುವ ಸಲಹೆಯೂ ಇದೇ: ಬಯೋಸ್‌ಗೆ ಹೋಗಿ ಮೆಮೊರಿ ಹೆಚ್ಚು ಮಾಡಿ. ಹುಡುಗ ತಪ್ಪೇನೂ ಮಾಡಿರಲಿಲ್ಲ. ಆ ಸೆಟ್ಟಿಂಗ್ ಏನು ಮಾಡುತ್ತದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಬೇರೆಯಾಗಿ ಕೊಳ್ಳುವ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಅದರದೇ ಮೆಮೊರಿ ಚಿಪ್‌ಗಳಿರುತ್ತವೆ. 5600ಜಿಯಂಥ ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಭಾಗ ಪ್ರೊಸೆಸರ್ ಒಳಗೇ ಕೂತಿದೆ. ಅದಕ್ಕೆ ಸ್ವಂತ ಮೆಮೊರಿ ಇಲ್ಲ. ವಿಂಡೋಸ್, ಬ್ರೌಸರ್, ಗೇಮ್ ಎಲ್ಲ ಬಳಸುವ ಆ ರ‍್ಯಾಮ್ ಕಡ್ಡಿಯಲ್ಲೇ ಅದೂ ಜಾಗ ಕೇಳಬೇಕು.

ಕೇಳುವ ದಾರಿ ಎರಡು. ಮೊದಲನೆಯದು ಕಂಪ್ಯೂಟರ್ ಆನ್ ಆದ ತಕ್ಷಣ, ವಿಂಡೋಸ್ ಇನ್ನೂ ಎದ್ದೇ ಇಲ್ಲದಾಗ ನಡೆಯುತ್ತದೆ. ಬಯೋಸ್ ರ‍್ಯಾಮ್‌ನ ಒಂದು ಭಾಗವನ್ನು ಬೇರೆ ಮಾಡಿ ಗ್ರಾಫಿಕ್ಸ್‌ಗೆ ಅಂತ ಎತ್ತಿಡುತ್ತದೆ. ಆಮೇಲೆ ಏಳುವ ವಿಂಡೋಸ್‌ಗೆ ಆ ಭಾಗ ಬಳಸಲು ಸಿಗುವುದೇ ಇಲ್ಲ. ಟಾಸ್ಕ್ ಮ್ಯಾನೇಜರ್‌ನ Memory ಪುಟದಲ್ಲಿ ಕೆಳಗಡೆ Hardware reserved ಅಂತ ಒಂದು ಸಾಲು ಇರುತ್ತದಲ್ಲ, ಅದರಲ್ಲಿ ಇದು ಸೇರಿರುತ್ತದೆ. ಎರಡನೆಯದು ಕೆಲಸ ನಡೆಯುತ್ತಿರುವಾಗಿನ ಸಾಲ. ಗೇಮ್‌ಗೆ ಜಾಗ ಬೇಕಾದಾಗ ಗ್ರಾಫಿಕ್ಸ್ ಡ್ರೈವರ್ ವಿಂಡೋಸ್‌ನಿಂದ ಕೇಳಿ ಪಡೆಯುತ್ತದೆ. ಗೇಮ್ ಮುಚ್ಚಿದಾಗ ವಾಪಸ್ ಕೊಡುತ್ತದೆ. ಹೀಗೆ ಪಡೆಯುವುದಕ್ಕೆ ವಿಂಡೋಸ್ ಒಂದು ಮಿತಿ ಇಟ್ಟಿದೆ. ಸಾಮಾನ್ಯವಾಗಿ ಅದು ತನಗೆ ಸಿಕ್ಕಿರುವ ರ‍್ಯಾಮ್‌ನ ಅರ್ಧ.

ಟಾಸ್ಕ್ ಮ್ಯಾನೇಜರ್‌ನ GPU ಪುಟದಲ್ಲಿ ಮೊದಲನೆಯದನ್ನು Dedicated GPU memory ಅಂತಲೂ ಎರಡನೆಯದನ್ನು Shared GPU memory ಅಂತಲೂ ತೋರಿಸುತ್ತಾರೆ. ಈ ಹೆಸರುಗಳೇ ಅರ್ಧ ಗೊಂದಲಕ್ಕೆ ಕಾರಣ. ಒಂದು ಒಳ್ಳೆಯ ಮೆಮೊರಿ, ಇನ್ನೊಂದು ಸಾಲದ ಕಳಪೆ ಮೆಮೊರಿ ಅಂತ ಓದಿದವರಿಗೆ ಅನಿಸುತ್ತದೆ. ಆದರೆ ಎರಡೂ ಇರುವುದು ಅದೇ ಕಡ್ಡಿಯ ಅದೇ ಚಿಪ್‌ಗಳಲ್ಲಿ. ವೇಗದಲ್ಲಿ ಸಣ್ಣ ವ್ಯತ್ಯಾಸ ಇರಬಹುದು. ಎತ್ತಿಟ್ಟ ಭಾಗ ಒಂದೇ ಕಡೆ ಸಾಲಾಗಿ ಸಿಗುತ್ತದೆ. ಸಾಲ ತಂದದ್ದು 4 ಕಿಲೋಬೈಟ್‌ನ ಸಣ್ಣ ತುಂಡುಗಳಾಗಿ ರ‍್ಯಾಮ್ ತುಂಬಾ ಚದುರಿರಬಹುದು, ಆಗ ವಿಳಾಸ ಹುಡುಕುವ ಕೆಲಸ ಸ್ವಲ್ಪ ಹೆಚ್ಚು. ಆದರೆ ನಿಧಾನ ಓಡುವ ಗೇಮ್ ಅದರಿಂದಲೇ ಸರಿಹೋಗುವಷ್ಟು ದೊಡ್ಡ ವ್ಯತ್ಯಾಸ ಅಲ್ಲ.

ಹುಡುಗನಿಗೆ ನಾನು ಹೇಳಿದ್ದು ಮನೆಯ ಸಂಪಿನ ಲೆಕ್ಕದಲ್ಲಿ. ಕೆಳಮನೆ, ಮೇಲ್ಮನೆ ಎರಡಕ್ಕೂ ಒಂದೇ ಸಂಪು. ಮೇಲ್ಮನೆಯವರಿಗೆ ನೀರು ಸಣ್ಣಗೆ ಬರುತ್ತಿದೆ ಅಂತ ಸಂಪಿನ ಮಧ್ಯೆ ಗೋಡೆ ಎಬ್ಬಿಸಿ ಅರ್ಧ ಅವರಿಗೇ ಅಂತ ಬಿಟ್ಟರೆ ನಲ್ಲಿಯಲ್ಲಿ ನೀರು ಜೋರಾಗುತ್ತಾ? ಇಲ್ಲ. ಪೈಪ್ ಎಷ್ಟು ದಪ್ಪ ಇದೆಯೋ ಅಷ್ಟೇ ಬರುವುದು. ಮೇಲ್ಮನೆಯವರು ಊರಿಗೆ ಹೋಗಿದ್ದರೂ ಅವರ ಪಾಲಿನ ನೀರು ಕೆಳಮನೆಗೆ ಸಿಗುವುದಿಲ್ಲ. ಬಯೋಸ್‌ನ ಆ ಸೆಟ್ಟಿಂಗ್ ಈ ಗೋಡೆ.

ಈಗ ಅವನ ಕಂಪ್ಯೂಟರ್‌ನ ಲೆಕ್ಕವನ್ನೇ ಮಾಡೋಣ. ಎಎಂಡಿ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಈ ಸೆಟ್ಟಿಂಗ್‌ನ ಹೆಸರು UMA Frame Buffer Size. ಎಲ್ಲಿ ಇಟ್ಟಿದ್ದಾರೆ ಅನ್ನುವುದು ಬೋರ್ಡ್‌ನಿಂದ ಬೋರ್ಡ್‌ಗೆ ಬೇರೆ, ಒಂದಿಷ್ಟು ಹುಡುಕಬೇಕು. ಅದನ್ನು 512 ಎಂಬಿಯಲ್ಲಿ ಬಿಟ್ಟರೆ ವಿಂಡೋಸ್‌ಗೆ ಸುಮಾರು 7.4 ಜಿಬಿ ಉಳಿಯುತ್ತದೆ. ಅದರ ಅರ್ಧ, ಅಂದರೆ 3.7 ಜಿಬಿವರೆಗೆ ಗ್ರಾಫಿಕ್ಸ್ ಸಾಲ ಪಡೆಯಬಹುದು. ಎತ್ತಿಟ್ಟದ್ದೂ ಸೇರಿ 4.2 ಜಿಬಿ. ಗ್ರಾಫಿಕ್ಸ್‌ಗೆ ಬರೀ 512 ಎಂಬಿ ಸಿಗುತ್ತಿದೆ ಅಂತ ಅಂದುಕೊಂಡವರು ಗಮನಿಸಬೇಕಾದದ್ದು ಇದನ್ನೇ. ಬೇಕಾದಾಗ ನಾಲ್ಕು ಜಿಬಿ ಮೊದಲಿನಿಂದಲೂ ಸಿಗುತ್ತಿತ್ತು.

ಅವನು ಅದನ್ನು 4 ಜಿಬಿ ಮಾಡಿದ. ವಿಂಡೋಸ್‌ಗೆ ಉಳಿದದ್ದು 3.9 ಜಿಬಿ ಮಾತ್ರ. ವಿಂಡೋಸ್ ತಾನೇ ಎರಡು, ಎರಡೂವರೆ ಜಿಬಿ ಹಿಡಿದುಕೊಳ್ಳುತ್ತದೆ. ಹಿಂದೆ ಬ್ರೌಸರ್ ತೆರೆದಿದ್ದರೆ ಇನ್ನಷ್ಟು. ಈಗಿನ ದೊಡ್ಡ ಗೇಮ್‌ಗೆ ಚಿತ್ರದ ಕೆಲಸ ಬಿಟ್ಟೂ ಮೂರು ನಾಲ್ಕು ಜಿಬಿ ಬೇಕು. ಎಲ್ಲಿಂದ ಬರಬೇಕು? ವಿಂಡೋಸ್ ಡಿಸ್ಕ್‌ನ ಮೊರೆ ಹೋಗುತ್ತದೆ. ರ‍್ಯಾಮ್‌ನಲ್ಲಿರುವುದನ್ನು ಡಿಸ್ಕ್‌ಗೆ ತಳ್ಳುತ್ತದೆ, ಬೇಕಾದಾಗ ಮತ್ತೆ ತರುತ್ತದೆ. ಡಿಸ್ಕ್ ಎಸ್ಎಸ್‌ಡಿಯೇ ಆಗಿದ್ದರೂ ರ‍್ಯಾಮ್‌ನ ಮುಂದೆ ತುಂಬಾ ನಿಧಾನ. ಗೇಮ್‌ನಲ್ಲಿ ಕಾರು ಹೊಸ ಬೀದಿಗೆ ತಿರುಗಿದಾಗ ಚಿತ್ರ ಅರ್ಧ ಸೆಕೆಂಡ್ ನಿಂತು ಆಮೇಲೆ ಓಡುವುದು ಇದಕ್ಕೇ. ಅದೇ ಹೊತ್ತಿನಲ್ಲಿ ಗೋಡೆಯ ಆಚೆ 4 ಜಿಬಿಯಲ್ಲಿ ಜಾಗ ಖಾಲಿ ಬಿದ್ದಿತ್ತು.

ಅದು ಹೇಗೆ ಗೊತ್ತಾಯಿತು ಅಂದರೆ, ಗೇಮ್ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರ್‌ನ ಚಿತ್ರ ತೆಗೆದು ಕಳಿಸು ಅಂದಿದ್ದೆ. Memory 97 ಪರ್ಸೆಂಟ್. ಡಿಸ್ಕ್ ಗೆರೆ ಮತ್ತೆ ಮತ್ತೆ ಮೇಲಕ್ಕೆ ಹಾರುತ್ತಿತ್ತು. GPU ಪುಟದಲ್ಲಿ ಮಾತ್ರ Dedicated ಅನ್ನುವುದು ಅರ್ಧಕ್ಕಿಂತ ಸ್ವಲ್ಪ ಮೇಲಷ್ಟೇ ತುಂಬಿತ್ತು. ಈ ಮೂರನ್ನು ಒಟ್ಟಿಗೆ ಕಂಡರೆ ಎತ್ತಿಟ್ಟದ್ದು ಜಾಸ್ತಿ ಆಗಿದೆ ಅಂತಲೇ ಅರ್ಥ. ಸೆಟ್ಟಿಂಗ್ ವಾಪಸ್ 512 ಎಂಬಿಗೆ ತಂದ. ಆ ನಿಲ್ಲುವಿಕೆ ಬಹುಪಾಲು ಹೋಯಿತು.

ಆದರೂ ಗೇಮ್ ನಿಧಾನವೇ. ನಿಲ್ಲುತ್ತಿರಲಿಲ್ಲ, ಆದರೆ ಒಂದೇ ಸಮನೆ ಭಾರವಾಗಿ ಓಡುತ್ತಿತ್ತು. ಇದು ಬೇರೆ ಕಾಯಿಲೆ, ಲಕ್ಷಣವೂ ಬೇರೆ. ಈಗ Memory ತುಂಬಿ ತುಳುಕುತ್ತಿಲ್ಲ, ಡಿಸ್ಕ್ ಸುಮ್ನಿದೆ, GPU ಮಾತ್ರ ಪೂರ್ತಿ ಹೊತ್ತು 98, 99 ಪರ್ಸೆಂಟ್‌ನಲ್ಲಿ ನಿಂತಿದೆ. ನನ್ನ ಅನುಮಾನ ಹೋದದ್ದು ಪೈಪ್ ಮೇಲೆ.

ಡಿಡಿಆರ್4-3200 ಕಡ್ಡಿ ಸೆಕೆಂಡಿಗೆ 320 ಕೋಟಿ ಸಲ, ಪ್ರತಿ ಸಲ 8 ಬೈಟ್ ಸಾಗಿಸಬಲ್ಲದು. ಗುಣಿಸಿದರೆ ಸೆಕೆಂಡಿಗೆ 25.6 ಜಿಬಿ. ಇದನ್ನೇ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡೂ ಹಂಚಿಕೊಳ್ಳಬೇಕು. ಹೋಲಿಕೆಗೆ ಜಿಟಿಎಕ್ಸ್ 1650 ನೋಡಿ. ದೊಡ್ಡ ಕಾರ್ಡೇನಲ್ಲ, ಆದರೂ ಅದರ ಮೊದಲ ಮಾದರಿಯ ಸ್ವಂತ ಮೆಮೊರಿಗೆ ಸೆಕೆಂಡಿಗೆ 128 ಜಿಬಿ ಸಾಗಿಸುವ ಶಕ್ತಿ ಇದೆ, ಅದೂ ಯಾರ ಜೊತೆಗೂ ಹಂಚಿಕೊಳ್ಳದೆ. 5600ಜಿ ಒಳಗಿನ ಗ್ರಾಫಿಕ್ಸ್ ಲೆಕ್ಕ ಮಾಡುವುದರಲ್ಲಿ ಅಷ್ಟೇನೂ ಸೋಮಾರಿಯಲ್ಲ. ಹೆಚ್ಚಿನ ಹೊತ್ತು ಅದು ಮೆಮೊರಿಯಿಂದ ಮಾಹಿತಿ ಬರಲಿ ಅಂತ ಕಾಯುತ್ತಾ ಕೂತಿರುತ್ತದೆ. ಬಯೋಸ್‌ನಲ್ಲಿ 16 ಜಿಬಿ ಎತ್ತಿಟ್ಟರೂ ಈ 25.6 ಅನ್ನುವುದು 25.6 ಆಗಿಯೇ ಇರುತ್ತದೆ.

ಪೈಪ್ ದಪ್ಪ ಮಾಡುವ ದಾರಿ ಒಂದಿದೆ. ಎರಡನೇ ಕಡ್ಡಿ ಹಾಕುವುದು. ಪ್ರೊಸೆಸರ್‌ನಲ್ಲಿ ಮೆಮೊರಿಗೆ ಎರಡು ಚಾನೆಲ್ ಇವೆ. ಒಂದೇ ಕಡ್ಡಿ ಇದ್ದರೆ ಒಂದು ಚಾನೆಲ್ ಸುಮ್ನೆ ಕೂತಿರುತ್ತದೆ. ಎರಡು ಕಡ್ಡಿ ಹಾಕಿದರೆ 51.2 ಜಿಬಿ. ಅದಕ್ಕೇ 16 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿ ಇಂಥ ಕಂಪ್ಯೂಟರ್‌ಗೆ ಎಷ್ಟೋ ಮೇಲು. ಅಂಗಡಿಯವರು ಮುಂದೆ ಬೇಕಾದರೆ ಹಾಕಿಸಿಕೊಳ್ಳಬಹುದು ಅಂತ ಒಂದೇ ಕಡ್ಡಿ ಕೊಟ್ಟು ಕಳಿಸುವುದನ್ನು ಕಂಡಾಗಲೆಲ್ಲ ನನಗೆ ಬೇಜಾರಾಗುತ್ತದೆ. ಕಾರ್ಡ್ ಕೊಳ್ಳಲಾಗದೆ ಇಂಥದ್ದನ್ನು ಕೊಂಡವರಿಗೇ ಇದರ ಪೆಟ್ಟು ಜಾಸ್ತಿ.

ನಿಮ್ಮದರಲ್ಲಿ ಎಷ್ಟು ಕಡ್ಡಿ ಇದೆ ಅಂತ ನೋಡಲು ಡಬ್ಬ ಬಿಚ್ಚಬೇಕಾಗಿಲ್ಲ. ಟಾಸ್ಕ್ ಮ್ಯಾನೇಜರ್‌ನ Memory ಪುಟದಲ್ಲಿ Slots used ಅಂತ ಇರುತ್ತದೆ. ಅಲ್ಲೇ Speed ಕೂಡ ನೋಡಿ. 3200ರ ಕಡ್ಡಿ ಕೊಂಡಿದ್ದರೂ ಎಷ್ಟೋ ಸಲ 2666 ಅಥವಾ 2400 ಅಂತ ತೋರಿಸುತ್ತದೆ. ಬಯೋಸ್‌ನಲ್ಲಿ XMP ಅನ್ನುವುದನ್ನು ಆನ್ ಮಾಡದಿದ್ದರೆ ಹಾಗಾಗುತ್ತದೆ. ನಾಲ್ಕು ಸ್ಲಾಟ್ ಇರುವ ಬೋರ್ಡ್ ಆದರೆ ಎರಡೂ ಕಡ್ಡಿಯನ್ನು ಒಂದೇ ಚಾನೆಲ್‌ನ ಸ್ಲಾಟ್‌ಗಳಿಗೆ ತುರುಕಿಬಿಡುವ ತಪ್ಪು ಆಗಬಹುದು. ಯಾವ ಎರಡು ಅಂತ ಬೋರ್ಡ್ ಜೊತೆ ಬಂದ ಪುಸ್ತಕದಲ್ಲಿ ಚಿತ್ರ ಹಾಕಿ ತೋರಿಸಿರುತ್ತಾರೆ.

ಹಾಗಾದರೆ ಎತ್ತಿಡುವ ಸೆಟ್ಟಿಂಗ್‌ನಿಂದ ಉಪಯೋಗವೇ ಇಲ್ವಾ? ಇದೆ, ಒಂದು ಕಡೆ ನಿಜವಾಗಿ ಇದೆ. ಕೆಲವು ಗೇಮ್‌ಗಳು ಶುರುವಾಗುವಾಗ ಗ್ರಾಫಿಕ್ಸ್ ಮೆಮೊರಿ ಎಷ್ಟಿದೆ ಅಂತ ವಿಚಾರಿಸುತ್ತವೆ. ಅವು ನೋಡುವುದು ಎತ್ತಿಟ್ಟ ಸಂಖ್ಯೆಯನ್ನು ಮಾತ್ರ, ಸಾಲ ಸಿಗುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 512 ಎಂಬಿ ಕಂಡರೆ ಓಡುವುದಿಲ್ಲ ಅನ್ನುತ್ತವೆ. ಇಲ್ಲವೇ ಗೋಡೆ, ರಸ್ತೆ ಎಲ್ಲ ಮಸುಕು ಮಸುಕಾಗಿ ತೋರಿಸುತ್ತವೆ, ಒಳ್ಳೆಯ ಚಿತ್ರ ಆರಿಸಲು ಬಿಡುವುದೇ ಇಲ್ಲ. ಅಂಥ ಗೇಮ್‌ಗೆ 2 ಜಿಬಿ ಎತ್ತಿಟ್ಟರೆ ಬಾಗಿಲು ತೆರೆಯುತ್ತದೆ. 16 ಜಿಬಿ ರ‍್ಯಾಮ್ ಇರುವವರು 2 ಜಿಬಿ ಇಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ, 4 ಇಟ್ಟರೂ ನಡೆಯುತ್ತದೆ. ಕೈಯಲ್ಲಿ ಹಿಡಿದು ಗೇಮ್ ಆಡುವ ಸ್ಟೀಮ್ ಡೆಕ್‌ನಲ್ಲಿ 16 ಜಿಬಿ ಇದೆ, ಎತ್ತಿಟ್ಟಿರುವುದು 1 ಜಿಬಿ, ಬೇಕಾದವರು 4 ಮಾಡಿಕೊಳ್ಳಬಹುದು. 8 ಜಿಬಿಯವರು 512 ಎಂಬಿ ಅಥವಾ Auto ದಾಟದಿರುವುದೇ ಒಳ್ಳೆಯದು. ಗೇಮ್ ಹಟ ಹಿಡಿದರೆ ಮಾತ್ರ ಒಂದು, ಎರಡು ಜಿಬಿ.

ಇಂಟೆಲ್‌ನವರಲ್ಲಿ ಈ ಸೆಟ್ಟಿಂಗ್ DVMT Pre-Allocated ಅಂತ ಇರುತ್ತದೆ, ಸಂಖ್ಯೆಗಳು 32 ಎಂಬಿ, 64 ಎಂಬಿ ಹೀಗೆ ಸಣ್ಣವು. ಅಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಾಲದಲ್ಲೇ ನಡೆಯುವುದರಿಂದ ಅದನ್ನು ಬದಲಿಸಿ ಆಗುವುದು ಕಡಿಮೆ. ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಸೆಟ್ಟಿಂಗ್ ಕಾಣಿಸುವುದೇ ಇಲ್ಲ. ಆಗ ರಿಜಿಸ್ಟ್ರಿಯಲ್ಲಿ DedicatedSegmentSize ಅಂತ ಒಂದು ಬೆಲೆ ಬರೆಯಿರಿ ಅನ್ನುವ ಸಲಹೆ ಸಿಗುತ್ತದೆ. ಅದು ಗೇಮ್‌ಗೆ ತೋರಿಸುವ ಸಂಖ್ಯೆಯನ್ನಷ್ಟೇ ಬದಲಿಸುವ ಉಪಾಯ. ಒಂದು ಬೈಟ್ ಮೆಮೊರಿಯನ್ನೂ ಎತ್ತಿಡುವುದಿಲ್ಲ.

ಹುಡುಗ ಎರಡು ತಿಂಗಳು ದುಡ್ಡು ಕೂಡಿಟ್ಟು ಇನ್ನೊಂದು 8 ಜಿಬಿ ಕಡ್ಡಿ ತಂದ. ಹಾಕುವ ಮೊದಲು ಗೇಮ್‌ನ ಒಂದು ಜಾಗದಲ್ಲಿ, ಸೇತುವೆ ದಾಟುವಲ್ಲಿ, ಸೆಕೆಂಡಿಗೆ ಎಷ್ಟು ಫ್ರೇಮ್ ಬರುತ್ತಿದೆ ಅಂತ ಬರೆದಿಟ್ಟುಕೋ ಅಂದಿದ್ದೆ. ಬರೆದಿಟ್ಟಿದ್ದ. ಕಡ್ಡಿ ಹಾಕಿ, XMP ಆನ್ ಮಾಡಿ, ಎತ್ತಿಡುವುದನ್ನು 2 ಜಿಬಿಗೆ ನಿಲ್ಲಿಸಿ ಮತ್ತೆ ಅದೇ ಸೇತುವೆಗೆ ಹೋದ. ಆವತ್ತು ರಾತ್ರಿ ಹತ್ತೂವರೆಗೆ ಅವನ ಫೋನ್ ಬಂತು. "ಮಾಮ, 24 ಇದ್ದದ್ದು 37 ಬರ್ತಿದೆ. ಇನ್ನು 4 ಜಿಬಿ ಮಾಡಿ ನೋಡ್ಲಾ?" ಮಾಡಿ ನೋಡು ಅಂದೆ. ಹತ್ತು ನಿಮಿಷ ಬಿಟ್ಟು ಮೆಸೇಜ್ ಬಂತು: "37."