ಕೂತು ಓದುವ ಜಾಗವಿರುವ ಪುಸ್ತಕದಂಗಡಿಗೆ ಏನು ಹೆಸರಿಡುವುದು?

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ಚಿಕ್ಕದೊಂದು ಪುಸ್ತಕದಂಗಡಿ ತೆರೆಯುತ್ತಿದ್ದೇವೆ. ಒಳಗೆ ನಾಲ್ಕು ಜನ ಕೂತು ಓದುವಷ್ಟು ಜಾಗ ಬಿಟ್ಟಿದ್ದೇವೆ. ‘ಅನಾವರಣ’ ಎಂದು ಹೆಸರಿಡುವ ಯೋಚನೆಯಿದೆ. ಇದೇನಪ್ಪಾ ಅನ್ನೋ ಕುತೂಹಲಕ್ಕಾದರೂ ಜನ ಒಳಗೆ ಬರ್ತಾರೆ, ಅಲ್ವಾ?

ಉತ್ತರ: ಬರುವುದಿಲ್ಲ. ಹೆಸರು ಬೇರೆ ಬೇರೆಯಾದರೂ ಪ್ರಶ್ನೆ ಮಾತ್ರ ಪ್ರತಿಸಲ ಇದೇ ಆಗಿರುತ್ತದೆ, ಆದ್ದರಿಂದ ಈ ಬಾರಿ ಸ್ವಲ್ಪ ಉದ್ದಕ್ಕೇ ಹೇಳಿಬಿಡುತ್ತೇನೆ.

ಅರ್ಥವಾಗದ ಹೆಸರು ಕಂಡರೆ ಕುತೂಹಲ ಹುಟ್ಟುತ್ತದೆ ಎಂಬುದು ಹೆಸರಿಡುವವರ ನಂಬಿಕೆ, ರಸ್ತೆಯಲ್ಲಿ ಹೋಗುವವರದ್ದಲ್ಲ. ಸ್ಕೂಟರಿನಲ್ಲಿ ಹೋಗುವವರು ನಿಮ್ಮ ಬೋರ್ಡಿನತ್ತ ಕಣ್ಣು ಹಾಯಿಸುವುದು ಒಂದೆರಡು ಸೆಕೆಂಡು. ಅಷ್ಟರಲ್ಲಿ ‘ಅನಾವರಣ’ ಅನ್ನುವುದು ಸೀರೆ ಅಂಗಡಿಯೋ, ಚಿತ್ರಕಲಾ ಶಾಲೆಯೋ, ಚರ್ಮರೋಗದ ಕ್ಲಿನಿಕ್ಕೋ ತಿಳಿಯುವುದಿಲ್ಲ. ತಿಳಿಯದ ಅಂಗಡಿಯೊಳಗೆ ನಮ್ಮ ಜನ ಕಾಲಿಡುವುದಿಲ್ಲ. ಒಳಗೆ ಹೋದಮೇಲೆ ‘ಏನು ಬೇಕಿತ್ತು ಸಾರ್?’ ಅಂದರೆ ಏನು ಹೇಳುವುದು ಎಂಬ ಸಂಕೋಚ ಕುತೂಹಲಕ್ಕಿಂತ ಯಾವಾಗಲೂ ದೊಡ್ಡದು. ಪುಸ್ತಕದಂಗಡಿಯ ಹೆಸರು ಮೊದಲು ನಿವಾರಿಸಬೇಕಾದದ್ದು ಇದೇ ಸಂಕೋಚವನ್ನು.

‘ಹಾಗಾದರೆ ಬ್ಲಾಸಮ್? ಸಪ್ನ? ಅಂಕಿತ? ಅವುಗಳಲ್ಲಿ ಪುಸ್ತಕ ಎಲ್ಲಿದೆ?’ ಎಂಬ ವಾದ ಕೂಡಲೇ ಬರುತ್ತದೆ. ಇದೆ, ಬೋರ್ಡು ಪೂರ್ತಿ ಓದಿ. ಚರ್ಚ್ ಸ್ಟ್ರೀಟಿನದು ಬ್ಲಾಸಮ್ ಬುಕ್ ಹೌಸ್. ಗಾಂಧಿನಗರದ್ದು ಸಪ್ನ ಬುಕ್ ಹೌಸ್. ಗಾಂಧಿಬಜಾರಿನದು ಅಂಕಿತ ಪುಸ್ತಕ. ಮೊದಲ ಪದ ಹೂವಾಗಲಿ ಕನಸಾಗಲಿ, ಆಮೇಲೆ ಬರುವ ಪದ ಕೆಲಸವನ್ನು ಬಾಯಿಬಿಟ್ಟು ಹೇಳುತ್ತದೆ. ನಾವು ಮಾತಿನಲ್ಲಿ ಬಾಲ ಕತ್ತರಿಸಿ ‘ಸಪ್ನಾಗೆ ಹೋಗಿದ್ದೆ’ ಅನ್ನುವುದು ಅಂಗಡಿ ಗೊತ್ತಾದ ಮೇಲೆ. ಹೊಸ ಅಂಗಡಿಗೆ ಆ ಸವಲತ್ತಿಲ್ಲ. ಆ ಬಾಲ ಇಲ್ಲದೆಯೂ ನಿಂತ ಹೆಸರುಗಳಿವೆ, ಆಟ ಗಲಾಟಾದಂತೆ. ಆದರೆ ಜನರಿಗೆ ಅದರ ಪರಿಚಯವಾದದ್ದು ಅಲ್ಲಿ ನಡೆಯುವ ಸಾಹಿತ್ಯ ಕಾರ್ಯಕ್ರಮಗಳಿಂದ. ವಾರವಾರವೂ ಕಾರ್ಯಕ್ರಮ ನಡೆಸುವ ಶಕ್ತಿ ನಿಮಗಿದ್ದರೆ ಅನಾವರಣವೂ ನಡೆದೀತು.

ಕೊನೆಗೆ ‘ಗೂಗಲ್ ಮ್ಯಾಪ್ಸಿನಲ್ಲಿ ವಿವರ ಹಾಕಿಬಿಡ್ತೀವಿ’ ಅನ್ನುತ್ತಾರೆ. ಮ್ಯಾಪ್ಸಿನ ನಿಯಮದ ಪ್ರಕಾರ ಅಲ್ಲಿನ ಹೆಸರು ಬೋರ್ಡಿನ ಮೇಲಿರುವ ಹೆಸರೇ ಆಗಿರಬೇಕು. ‘ಅನಾವರಣ – ವಿಜಯನಗರದ ಅತ್ಯುತ್ತಮ ಪುಸ್ತಕದಂಗಡಿ’ ಎಂದು ಬಾಲಂಗೋಚಿ ಸೇರಿಸಿದರೆ ನಿಮ್ಮ ಪುಟವನ್ನೇ ತಡೆಹಿಡಿಯಬಹುದು. ಪುಸ್ತಕ ಅನ್ನುವ ಪದ ಬೋರ್ಡಿನಲ್ಲೇ ಇದ್ದರೆ ಈ ತಾಪತ್ರಯವಿಲ್ಲ.

ಇಷ್ಟು ಒಪ್ಪಿಕೊಂಡವರು ಮುಂದೆ ಎಡವುವುದು ಆ ಬಾಲದ ಪದ ಆರಿಸುವಾಗ. ‘ಬುಕ್ ಡಿಪೋ’, ‘ಬುಕ್ ಸ್ಟಾಲ್’ ಅಂದಿರೋ, ಜೂನ್ ತಿಂಗಳಿಡೀ ನೋಟ್‌ಬುಕ್, ಗ್ರಾಫ್ ಶೀಟ್, ಪಿಯುಸಿ ಗೈಡ್ ಕೇಳುವವರಿಗೆ ಉತ್ತರ ಕೊಡುತ್ತಾ ಕೂರಬೇಕು. ಅವೆಲ್ಲ ಕೌಂಟರಿನ ಈಚೆ ನಿಂತು ಕೇಳಿ ಪಡೆಯುವ ಅಂಗಡಿಗಳ ಹೆಸರು, ಒಳಗೆ ಹೋಗಿ ಪುಸ್ತಕ ತಿರುವಿಹಾಕುವ ಅಂಗಡಿಯದಲ್ಲ. ‘ವಾಚನಾಲಯ’, ‘ರೀಡಿಂಗ್ ರೂಮ್’ ಇನ್ನೂ ಅಪಾಯ, ಅದರಲ್ಲೂ ನಿಮ್ಮ ವಿಜಯನಗರದಲ್ಲಿ. ಅಲ್ಲಿ ಕೆಎಎಸ್, ಐಎಎಸ್‌ಗೆ ಓದುವ ಹುಡುಗರು ತಿಂಗಳಿಗಿಷ್ಟು ಎಂದು ಕೊಟ್ಟು ಕೂರುವ ಹಾಲ್‌ಗಳಿಗೇ ಆ ಹೆಸರು. ಬಂದವರು ‘ತಿಂಗಳಿಗೆಷ್ಟು, ಚಾರ್ಜಿಂಗ್ ಪಾಯಿಂಟ್ ಇದೆಯಾ’ ಎಂದು ಕೇಳುತ್ತಾರೆ. ತಪ್ಪು ಅವರದಲ್ಲ. ‘ಓದುವ ಮೂಲೆ’ ಅನ್ನುವುದೂ ಬೇಡ. ಮೂಲೆಗೆ ಹಾಕುವುದು ನಮ್ಮಲ್ಲಿ ಬೇಡವಾದದ್ದನ್ನು.

‘ಪುಸ್ತಕದಂಗಡಿ’ ಸಾಕು. ಅದರ ಮುಂದೆ ಕೂರುವ ಜಾಗದ ಹೆಸರೊಂದನ್ನು ಇಟ್ಟರೆ ಅರ್ಧ ಕೆಲಸ ಮುಗಿಯಿತು, ಕನ್ನಡದಲ್ಲಿ ಅಂಥವು ಬೇಕಾದಷ್ಟಿವೆ. ಜಗಲಿ, ಕಟ್ಟೆ, ಪಡಸಾಲೆ, ಚಾವಡಿ. ಅಪರಿಚಿತರೂ ಕರೆಯದೆ ಬಂದು ಕೂರಬಹುದಾದ ಜಾಗಗಳೇ ಇವುಗಳಲ್ಲಿ ಹೆಚ್ಚು. ನಿಮ್ಮ ಅಂಗಡಿಗೆ ಯಾವುದು ಕೂಡುತ್ತದೆ ನೋಡೋಣ. ಕಟ್ಟೆ ಅಂದರೆ ಹರಟೆಯ ವಾಸನೆ, ಓದುವವರ ಪಕ್ಕದಲ್ಲಿ ರಾಜಕೀಯ ಶುರುವಾಗುತ್ತದೆ. ಚಾವಡಿ ಕರಾವಳಿಯಲ್ಲಿ ಮನೆಯ ಮಾತು, ಹಳೇ ಮೈಸೂರಿನ ಕಡೆಯವರಿಗೆ ಊರ ಪಂಚಾಯ್ತಿಯ ನೆನಪು. ಪಡಸಾಲೆ ಚೆನ್ನಾಗಿದೆ, ಉತ್ತರ ಕರ್ನಾಟಕದವರಿಗೆ ಕೇಳಿದೊಡನೆ ಆಪ್ತ. ಆದರೆ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ PADASALE ಎಂದು ಬರೆದು ನೋಡಿ. ಕೊನೆಯ ನಾಲ್ಕು ಅಕ್ಷರ ‘ಸೇಲ್’ ಎಂದು ಕೂಗುತ್ತವೆ! ಕನ್ನಡ ಬಾರದ ಬಾಡಿಗೆದಾರರೂ ಇರುವ ಬಡಾವಣೆಯಲ್ಲಿ ಇದು ಸಣ್ಣ ಮಾತಲ್ಲ. ಉಳಿದದ್ದು ಜಗಲಿ. ಅದನ್ನು ಜಗುಲಿ ಎಂದೂ ಬರೆಯುತ್ತಾರೆ, ಹಾಗಾಗಿ Jagali ಎಂಬ ಒಂದೇ ಕಾಗುಣಿತ ಹಿಡಿದು ಬೋರ್ಡು, ಬಿಲ್ಲು, ಮ್ಯಾಪ್ಸು, ಇನ್‌ಸ್ಟಾಗ್ರಾಮು ಎಲ್ಲ ಕಡೆ ಅದನ್ನೇ ಬಳಸಿ.

ಬರೆಸುವ ಮುಂಚೆ ಎರಡು ಪರೀಕ್ಷೆ. ಹೆಸರನ್ನು ಮಾತ್ರ ಕಾಗದದಲ್ಲಿ ಬರೆದು ನಿಮ್ಮ ಪರಿಚಯವಿಲ್ಲದ ಹತ್ತು ಜನಕ್ಕೆ ತೋರಿಸಿ, ‘ಇದು ಏನಂಗಡಿ, ಒಳಗೆ ಹೋದರೆ ಏನು ಮಾಡ್ತೀರಿ?’ ಎಂದು ಕೇಳಿ. ‘ಚೆನ್ನಾಗಿದೆಯಾ?’ ಎಂದು ಮಾತ್ರ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಎರಡನೆಯದು, ಫೋನಿನಲ್ಲಿ ಒಂದೇ ಸಲ ಹೆಸರು ಹೇಳಿ, ಆ ಕಡೆಯವರು ಅದನ್ನು ಟೈಪ್ ಮಾಡಿ ಕಳಿಸಲಿ. ‘ಜ್ಞಾನ’ದಿಂದ ಶುರುವಾಗುವ ಹೆಸರುಗಳು ಸಾಮಾನ್ಯವಾಗಿ ಇಲ್ಲೇ ಬೀಳುತ್ತವೆ, ಒಬ್ಬರು Jnana, ಒಬ್ಬರು Gnana, ಇನ್ನೊಬ್ಬರು Gyana. ಜೊತೆಗೆ ಟ್ರೇಡ್‌ಮಾರ್ಕ್ ಇಲಾಖೆಯ ಉಚಿತ ಹುಡುಕಾಟದಲ್ಲಿ 16 ಮತ್ತು 35ನೇ ವರ್ಗ ನೋಡಿಕೊಳ್ಳಿ: 16 ಪುಸ್ತಕ ಮತ್ತು ಮುದ್ರಿತ ಸಾಮಗ್ರಿಗೆ, 35 ಮಾರಾಟ ಸೇವೆಗೆ.

ಬೋರ್ಡಿನ ವಿಷಯ. ರಾಜ್ಯದ ಕನ್ನಡ ಕಾಯ್ದೆಗೆ 2024ರಲ್ಲಾದ ತಿದ್ದುಪಡಿಯ ನಂತರ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿ. ಸಲೀಸಾಗಿ ಓದಲು ಪ್ರತಿ ಹತ್ತು ಅಡಿ ದೂರಕ್ಕೆ ಒಂದಿಂಚು ಎತ್ತರದ ಅಕ್ಷರ ಬೇಕೆಂಬುದು ಬೋರ್ಡಿನವರ ಲೆಕ್ಕ. 40 ಅಡಿ ರಸ್ತೆಯ ಆಚೆ ಬದಿಗೆ ಕಾಣಲು ಕಡಿಮೆಯೆಂದರೂ ನಾಲ್ಕಿಂಚು. ಇದು ಅಕ್ಷರದ ಮೈಯ ಎತ್ತರ, ಒತ್ತು ಬಂದರೆ ಅದಕ್ಕೆ ಕೆಳಗೆ ಬೇರೆ ಜಾಗ ಬೇಕು. ‘ಸ್ಫೂರ್ತಿ’ಯಂಥ ಹೆಸರಿನಲ್ಲಿ ಒತ್ತು ಕೂರಿಸಲು ಹೋಗಿ ಮೈ ಸಣ್ಣದಾಗಿಬಿಡುತ್ತದೆ. ‘ಜಗಲಿ’ಯಲ್ಲಿ ಒಂದೂ ಒತ್ತಿಲ್ಲ, ಅಷ್ಟೇ ಬೋರ್ಡಿನಲ್ಲಿ ಅಕ್ಷರ ದಪ್ಪಗೆ ಕೂರುತ್ತದೆ. ಕೆಳಗೆ ‘ಪುಸ್ತಕದಂಗಡಿ’, ಅದರ ಕೆಳಗೆ ಸಣ್ಣದಾಗಿ ‘ಒಳಗೆ ಕೂತು ನೋಡಬಹುದು’.

ಯಾರೂ ಕೇಳದ ಪ್ರಶ್ನೆಯೊಂದು ಉಳಿದಿದೆ, ಕೇಳಬೇಕಿತ್ತು. ಜಗಲಿ ಎಂದು ಹೆಸರಿಟ್ಟು ಕುರ್ಚಿಗಳನ್ನು ಒಳಗೆ ಗೋಡೆಯ ಪಕ್ಕ, ಗಲ್ಲಾಪೆಟ್ಟಿಗೆಯ ಎದುರಿಗೆ ಹಾಕಿದರೆ? ಮಾಲೀಕರ ಕಣ್ಣೆದುರು ಕೂತು ಓದಲು ಯಾರಿಗೂ ಮನಸ್ಸಾಗದು. ಬಾಗಿಲ ಬಳಿ, ರಸ್ತೆಯಿಂದ ಕಾಣುವ ಹಾಗೆ ಬೆಂಚು ಹಾಕಿ. ಒಬ್ಬರು ಕೂತಿದ್ದರೆ ಇನ್ನೊಬ್ಬರು ಬರುತ್ತಾರೆ. ಪ್ಲಾಸ್ಟಿಕ್ ಹೊದಿಕೆ ಸುತ್ತಿ ಬರುವ ಪುಸ್ತಕಗಳಲ್ಲಿ ಒಂದೊಂದು ಪ್ರತಿಯನ್ನು ಬಿಚ್ಚಿ ‘ನೋಡುವ ಪ್ರತಿ’ ಎಂದು ಚೀಟಿ ಅಂಟಿಸಿಡಿ. ಇಲ್ಲದಿದ್ದರೆ ಬಂದವರು ಹೊಸದನ್ನೇ ತಿರುವುತ್ತಾರೆ, ಮೂಲೆ ಮಡಚಿದ ಪ್ರತಿಯನ್ನು ವಿತರಕರು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ. ನೋಡುವ ಪ್ರತಿ ಹಳತಾದಾಗ ಅರ್ಧ ಬೆಲೆಗೆ ಮಾರಿಬಿಡಿ.