ಪದ ಪರಿಚಯ: ಸರ್ಕಲ್ ಟೈಮ್ ಮತ್ತು ಸರದಿ ಕಲಿಯುವ ಕೈಗೊಂಬೆ

ಶಾಲಾಪೂರ್ವ ತರಗತಿಗಳಲ್ಲಿ ದಿನಕ್ಕೊಮ್ಮೆ ಮಕ್ಕಳು ಮತ್ತು ಶಿಕ್ಷಕಿ ನೆಲದ ಮೇಲೆ ದುಂಡಗೆ ಕುಳಿತು ಮಾತನಾಡುವ ಹೊತ್ತಿಗೆ ಸರ್ಕಲ್ ಟೈಮ್ ಎನ್ನುತ್ತಾರೆ. ಕನ್ನಡದಲ್ಲಿ ‘ವೃತ್ತ ಸಮಯ’ ಎಂದು ಬರೆಯುವವರೂ ಇದ್ದಾರೆ. ಮಕ್ಕಳನ್ನು ವೃತ್ತವಾಗಿ ಕೂರಿಸುವ ಪದ್ಧತಿ ಹಳೆಯದು. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಆರಂಭಿಸಿ, ಮುಂದೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ ಶಿಶುಶಾಲೆಯಲ್ಲೇ ವೃತ್ತದ ಆಟಗಳಿದ್ದವು. ಸಾಲಾಗಿ ಕುಳಿತ ಮಗುವಿಗೆ ಕಾಣುವುದು ಮುಂದಿನವರ ಬೆನ್ನು, ದುಂಡಗೆ ಕುಳಿತ ಮಗುವಿಗೆ ಕಾಣುವುದು ಎಲ್ಲರ ಮುಖ. ಗೆಳೆಯನ ಮುಖ ನೋಡಿ ಅವನಿಗೆ ಏನಾಗಿದೆ ಎಂದು ತಿಳಿಯುವುದನ್ನು ಕಲಿಸಬೇಕಾದರೆ ಮೊದಲು ಆ ಮುಖ ಕಾಣಬೇಕಲ್ಲ!

ಈ ವೃತ್ತದೊಳಗೆ ಶಿಕ್ಷಕಿ ಒಂದು ಕೈಗೊಂಬೆಯನ್ನು ಕರೆತರುತ್ತಾಳೆ. ಕೈಗೊಂಬೆ ಎಂದರೆ ಇಲ್ಲಿ ತೊಗಲುಗೊಂಬೆಯೂ ಅಲ್ಲ, ಸೂತ್ರದ ಗೊಂಬೆಯೂ ಅಲ್ಲ. ಕೈಗವಸಿನ ಹಾಗೆ ಕೈಗೆ ತೊಡಿಸಿಕೊಂಡು ಆಡಿಸುವ ಗೊಂಬೆ. ಹಳೆಯ ಕಂದು ಕಾಲುಚೀಲಕ್ಕೆ ಎರಡು ಗುಂಡಿ ಹೊಲಿದು, ಉಣ್ಣೆಯ ಬಾಲ ಕಟ್ಟಿದರೆ ಅಳಿಲಾಗುತ್ತದೆ. ನನ್ನ ತರಗತಿಯ ಅಳಿಲಿನ ಹೆಸರು ಚುಕ್ಕಿ.

ಚುಕ್ಕಿ ಒಳ್ಳೆಯ ಅಳಿಲಾಗಿದ್ದರೆ ಪಾಠ ಕೆಡುತ್ತದೆ. ಎಷ್ಟೋ ತರಗತಿಗಳಲ್ಲಿ ಗೊಂಬೆ ಸಣ್ಣ ದನಿಯಲ್ಲಿ “ಮಕ್ಕಳೇ, ಎಲ್ಲರೂ ಹಂಚಿಕೊಳ್ಳಬೇಕು” ಎಂದು ಬುದ್ಧಿ ಹೇಳುತ್ತದೆ. ಆಗ ಅದು ಟೀಚರ್‌ನ ಇನ್ನೊಂದು ಬಾಯಿ ಅಷ್ಟೇ. ಮಕ್ಕಳು “ಹೂಂ” ಎನ್ನುತ್ತಾರೆ, ಐದು ನಿಮಿಷದ ನಂತರ ಜೋಕಾಲಿಗೆ ಕಿತ್ತಾಡುತ್ತಾರೆ. ಗೊಂಬೆ ಏನೂ ತಿಳಿಯದ್ದಾಗಿರಬೇಕು, ತಪ್ಪು ಮಾಡಬೇಕು. ದಿನವಿಡೀ ತಿದ್ದಿಸಿಕೊಳ್ಳುವ ನಾಲ್ಕು ವರ್ಷದ ಮಗುವಿಗೆ ತಾನೇ ಒಬ್ಬರನ್ನು ತಿದ್ದುವ ಅವಕಾಶ ಸಿಗುವುದು ಅಪರೂಪ. ಆ ಅವಕಾಶ ಸಿಕ್ಕ ಕೂಡಲೇ ಮಗು ನೆಟ್ಟಗೆ ಕೂರುತ್ತದೆ.

ಪಾಠಕ್ಕೆ ಮೊದಲು ‘ಸರದಿ’ ಎಂಬ ಮಾತನ್ನು ಬಿಡಿಸಿ ನೋಡಬೇಕು. ನಾವು ‘ಹಂಚಿಕೋ’ ಮತ್ತು ‘ಸರದಿ ಬಿಡು’ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಮಗುವಿಗೆ ಅವು ಬೇರೆ ಬೇರೆ. ಚಕ್ಕುಲಿ ಮುರಿದು ಕೊಟ್ಟರೆ ಆ ತುಂಡು ಮತ್ತೆ ಬರುವುದಿಲ್ಲ, ಅದು ಹಂಚಿಕೆ. ಚೆಂಡು ಕೊಟ್ಟರೆ ಮತ್ತೆ ಬರುತ್ತದೆ, ಅದು ಸರದಿ. ಚೌಕಾಬಾರ ಆಡುವಾಗ “ಈಗ ನಿನ್ನ ಆಟ” ಎಂದು ಕವಡೆ ಬಿಟ್ಟುಕೊಡುವವನಿಗೆ ಕವಡೆ ತಿರುಗಿ ತನ್ನ ಕೈಗೆ ಬರುತ್ತದೆಂಬ ಭರವಸೆ ಇರುತ್ತದೆ. ಚೆಂಡನ್ನು ಎದೆಗೆ ಅವುಚಿಕೊಂಡು ಅಳುವ ಮಗುವನ್ನು ಸ್ವಾರ್ಥಿ ಎನ್ನಬೇಡಿ. ಹೋದದ್ದು ತಿರುಗಿ ಬರುತ್ತದೆ ಎಂಬ ನಂಬಿಕೆ ಅದಕ್ಕೆ ಇನ್ನೂ ಹುಟ್ಟಿಲ್ಲ. ಸರದಿಯ ಪಾಠ ಕಟ್ಟಬೇಕಾದದ್ದು ಆ ನಂಬಿಕೆಯನ್ನು.

ನಾಲ್ಕೈದು ವರ್ಷದ 18 ಮಕ್ಕಳ ತರಗತಿ ಎಂದಿಟ್ಟುಕೊಳ್ಳಿ. ನೆಲದ ಮೇಲೆ ಸೀಮೆಸುಣ್ಣದಿಂದ ವೃತ್ತ ಬರೆದು, ಪ್ರತಿ ಮಗುವಿಗೂ ಒಂದು ಗುರುತು ಹಾಕಬೇಕು. ಇಲ್ಲದಿದ್ದರೆ ಗೊಂಬೆ ಬಂದೊಡನೆ ಎಲ್ಲರೂ ತೆವಳಿಕೊಂಡು ನಡುವೆ ಸೇರುತ್ತಾರೆ. ಶಿಕ್ಷಕಿಯೂ ಕುರ್ಚಿ ಬಿಟ್ಟು ನೆಲದ ಮೇಲೆಯೇ ಕೂರಬೇಕು. ಬೇಕಾದ ಸಾಮಾನು ಒಂದೇ, ಚನ್ನಪಟ್ಟಣದ ಮರದ ಗಿಲಕಿ.

ಚುಕ್ಕಿ ಚೀಲದಿಂದ ಮೆಲ್ಲಗೆ ಇಣುಕುತ್ತದೆ. ಅದು ಮಕ್ಕಳ ಎದುರು ಮಾತನಾಡುವುದಿಲ್ಲ, ಟೀಚರ್ ಕಿವಿಯಲ್ಲಿ ಪಿಸುಗುಡುತ್ತದೆ. ಹೀಗೆ ಮಾಡಿದರೆ ದನಿ ಬದಲಿಸುವ ಸರ್ಕಸ್ ಬೇಕಿಲ್ಲ, ಪಿಸುಮಾತು ಏನಿರಬಹುದೆಂದು ಮಕ್ಕಳೂ ಸುಮ್ಮನಾಗುತ್ತಾರೆ. ಟೀಚರ್ ಗಿಲಕಿ ಆಡಿಸುತ್ತಿರುವಾಗ ಚುಕ್ಕಿ ಛಕ್ಕನೆ ಕಿತ್ತುಕೊಳ್ಳುತ್ತದೆ. ಟೀಚರ್ ಬೈಯುವುದಿಲ್ಲ. ಮುಖ ಸಣ್ಣದು ಮಾಡಿಕೊಂಡು, ಮಕ್ಕಳು ಆ ಮುಖವನ್ನು ನೋಡುವಷ್ಟು ಹೊತ್ತು ಸುಮ್ಮನಿರುತ್ತಾಳೆ. ನಂತರ “ನನ್ನ ಮುಖ ಹೇಗಿದೆ?” ಎಂದು ಕೇಳುತ್ತಾಳೆ. “ಬೇಜಾರಾಗಿದೆ” ಎಂಬ ಉತ್ತರ ಬೇಗ ಬರುತ್ತದೆ.

ಮುಂದಿನ ಪ್ರಶ್ನೆ, “ಈಗ ಚುಕ್ಕಿಗೆ ಏನು ಮಾಡೋಣ?” ಇಲ್ಲಿ ಬಹುತೇಕ ಮೊದಲ ಉತ್ತರ “ಅದಕ್ಕೆ ಎರಡು ಏಟು ಹಾಕಿ ಟೀಚರ್” ಎಂಬುದೇ. ಗಾಬರಿಯಾಗಬೇಡಿ, ಮಗು ತಾನು ಕಂಡದ್ದನ್ನು ಹೇಳುತ್ತಿದೆ. “ಹೊಡೆದರೆ ಅದು ಅಳುತ್ತದೆ. ಗಿಲಕಿ ಹೇಗೆ ಕೇಳಬೇಕೆಂದು ಅದಕ್ಕೆ ಗೊತ್ತಾಗುತ್ತದೆಯೇ?” ಎಂದು ಕೇಳಿ ಕಾಯಬೇಕು. ಯಾರಾದರೊಬ್ಬರು “ಅದಕ್ಕೆ ಕೇಳಲು ಹೇಳಿಕೊಡಿ” ಎನ್ನುತ್ತಾರೆ. ಆಗ ಮಕ್ಕಳೇ ಒಂದು ವಾಕ್ಯ ಕಟ್ಟುತ್ತಾರೆ: “ನಿನ್ನದಾದ ಮೇಲೆ ನನಗೆ ಕೊಡುತ್ತೀಯಾ?” ಚುಕ್ಕಿ ಅದನ್ನು ಪಿಸುಗುಡುತ್ತದೆ, ಟೀಚರ್ ಕೊಡುತ್ತಾಳೆ. ‘ದಯೆ’ ಎಂಬ ದೊಡ್ಡ ಮಾತು ಈ ವಯಸ್ಸಿಗೆ ಎಟುಕುವುದಿಲ್ಲ. ಮುಖ ನೋಡುವುದು, ಕೇಳುವುದು, ಕಾಯುವುದು, ಕೊಡುವುದು ಎಟುಕುತ್ತವೆ.

ಈಗ ಗಿಲಕಿ ವೃತ್ತದಲ್ಲಿ ಹೊರಡುತ್ತದೆ. ಪ್ರತಿ ಮಗುವೂ ಮೂರು ಸಲ ಅಲ್ಲಾಡಿಸಬೇಕು, ಎಲ್ಲರೂ ಸೇರಿ “ಒಂದು, ಎರಡು, ಮೂರು” ಎಣಿಸಬೇಕು, ಪಕ್ಕದವರ ಕೈಗೆ ಕೊಡಬೇಕು. ಒಬ್ಬರಿಗೆ ಸುಮಾರು 10 ಸೆಕೆಂಡು, ಇಡೀ ಸುತ್ತಿಗೆ ಮೂರು ನಿಮಿಷ. ಎಣಿಸುವ ಕೆಲಸ ಇರುವುದರಿಂದ ಕಾಯುವವರ ಬಾಯಿಗೂ ಕೈಗೂ ಬಿಡುವಿಲ್ಲ. ಇದರ ಬದಲು ಪ್ರತಿಯೊಬ್ಬರಿಗೂ ಅರ್ಧ ನಿಮಿಷ ಮಾತನಾಡಲು ಬಿಟ್ಟರೆ ಕೊನೆಯ ಮಗು ಎಂಟೂವರೆ ನಿಮಿಷ ಸುಮ್ಮನೆ ಕಾಯಬೇಕು. ಅಷ್ಟರಲ್ಲಿ ಅದು ಪಕ್ಕದವನ ಜಡೆಯನ್ನೋ ಗುಂಡಿಯನ್ನೋ ಎಳೆಯಲು ತೊಡಗುತ್ತದೆ, ನಾವು ಅದನ್ನು ತುಂಟ ಎನ್ನುತ್ತೇವೆ. ತಪ್ಪು ಮಗುವಿನದಲ್ಲ, ಲೆಕ್ಕದ್ದು.

ಗಿಲಕಿ ಎರಡನೆಯ ಸುತ್ತು ಹೊರಡಲೇಬೇಕು. ಸಮಯವಿಲ್ಲವೆಂದು ಬಹಳ ಮಂದಿ ಒಂದೇ ಸುತ್ತಿಗೆ ನಿಲ್ಲಿಸುತ್ತಾರೆ. ಕೊಟ್ಟದ್ದು ತಿರುಗಿ ಬರುತ್ತದೆ ಎಂಬುದು ಮಗುವಿನ ಕೈಗೆ ತಿಳಿಯುವುದು ಗಿಲಕಿ ಎರಡನೆಯ ಸಲ ಅಂಗೈಗೆ ಬಂದಾಗಲೇ. ಮೊದಲ ಸುತ್ತಿನಲ್ಲಿ ಬಿಡಲೊಲ್ಲದೆ ಹಿಡಿದ ಬೆರಳುಗಳು ಎರಡನೆಯ ಸುತ್ತಿನಲ್ಲಿ ಸಡಿಲವಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆರಂಭದ ಆಟವೂ ಎರಡು ಸುತ್ತೂ ಸೇರಿ ಒಟ್ಟು 15 ನಿಮಿಷ ಸಾಕು. ತರಗತಿಯಲ್ಲಿ 30 ಮಕ್ಕಳಿದ್ದರೆ ಎರಡು ವೃತ್ತ ಮಾಡಿ ಎರಡು ಗಿಲಕಿ ಬಿಡಬೇಕು.

ಆಡಲೊಲ್ಲದ ಮಗು “ಮುಂದೆ” ಎಂದು ಗಿಲಕಿ ದಾಟಿಸಬಹುದು, ಒತ್ತಾಯ ಕೂಡದು. ಕೆಲವು ಮಕ್ಕಳಿಗೆ ಗೊಂಬೆಯ ಭಯವಿರುತ್ತದೆ. ಅಂಥವರೆದುರು ಕಾಲುಚೀಲದೊಳಗೆ ಕೈ ತೂರಿಸಿ ತೆಗೆದು ತೋರಿಸಿದರೆ ಭಯ ಇಳಿಯುತ್ತದೆ. ವಿಚಿತ್ರವೆಂದರೆ, ಒಳಗಿರುವುದು ಟೀಚರ್ ಕೈ ಎಂದು ತಿಳಿದ ಮೇಲೂ ಅವು ಚುಕ್ಕಿಯ ಜೊತೆಗೇ ಮಾತನಾಡುತ್ತವೆ.

ನಾನು ಮಾಡಿದ ಒಂದು ತಪ್ಪು ಇನ್ನೂ ನೋಯಿಸುತ್ತದೆ. ಬೆಳಿಗ್ಗೆ ಒಬ್ಬ ಹುಡುಗ ಗೆಳತಿಯ ಬಣ್ಣದ ಪೆನ್ಸಿಲ್ ಕಿತ್ತುಕೊಂಡಿದ್ದ. ಅದೇ ದಿನ ಚುಕ್ಕಿಯ ಕೈಯಲ್ಲಿ ಬಣ್ಣದ ಪೆನ್ಸಿಲನ್ನೇ ಕಿತ್ತುಕೊಳ್ಳಿಸಿದೆ. ಹದಿನೇಳು ತಲೆಗಳು ಒಟ್ಟಿಗೆ ಅವನತ್ತ ತಿರುಗಿದವು. ಅವನು ಗೋಡೆಗೆ ಮುಖ ಮಾಡಿ ಕುಳಿತ. ಅಂದಿನಿಂದ ಜಗಳ ನಡೆದು ಎರಡು ಮೂರು ದಿನ ಕಳೆದ ಮೇಲೆ, ಬೇರೆ ವಸ್ತು, ಬೇರೆ ಸಂದರ್ಭ ಇಟ್ಟುಕೊಂಡೇ ಆಡಿಸುತ್ತೇನೆ. “ನೀನು ಹೀಗೆ ಮಾಡಿದರೆ ಚುಕ್ಕಿ ನಿನ್ನ ಜೊತೆ ಟೂ ಬಿಡುತ್ತದೆ” ಎಂದು ಗೊಂಬೆಯನ್ನು ಬೆದರಿಕೆಗೆ ಬಳಸುವುದೂ ಇದೇ ಜಾತಿಯ ತಪ್ಪು.

ಮಗು ಕಲಿತಿದೆಯೇ ಎಂದು ತಿಳಿಯಲು “ಸರದಿ ಎಂದರೇನು?” ಎಂದು ಕೇಳಿ ಪ್ರಯೋಜನವಿಲ್ಲ. ಬಾಯಿಪಾಠದ ಉತ್ತರ ಬರುತ್ತದೆ. ಬಿಡುವಿನ ಆಟದಲ್ಲಿ ಜೋಕಾಲಿಯ ಹತ್ತಿರ ಕಿವಿಗೊಡಬೇಕು. ವಾರಕ್ಕೆರಡು ಸಲದಂತೆ ಮೂರು ವಾರ ಆಡಿಸಿದ ಮೇಲೆ, ಒಂದು ದಿನ ಜೋಕಾಲಿಯ ಹಗ್ಗ ಹಿಡಿದು ನಿಂತಿದ್ದ ಹುಡುಗಿ ತಳ್ಳಲೂ ಇಲ್ಲ, ನನ್ನನ್ನು ಕರೆಯಲೂ ಇಲ್ಲ. “ನಿನ್ನದಾದ ಮೇಲೆ ನನಗೆ ಕೊಡುತ್ತೀಯಾ?” ಎಂದು ಕೇಳಿ, ಕುಳಿತಿದ್ದವಳ ತೂಗನ್ನು ಜೋರಾಗಿ ಎಣಿಸತೊಡಗಿದಳು. ಹನ್ನೊಂದರ ನಂತರ ಅವಳಿಗೆ ಎಣಿಕೆ ಬರುತ್ತಿರಲಿಲ್ಲ. ಮತ್ತೆ ಒಂದರಿಂದ ಶುರು ಮಾಡಿದಳು.