ಸರಾಸರಿ ನೋಡಿ ಜಾಹೀರಾತು ಬಜೆಟ್ ಏರಿಸಬೇಡಿ

ಮಂಡ್ಯದ ಆಲೆಮನೆಯಿಂದ ಬೆಲ್ಲ, ಗಾಣದಿಂದ ಎಣ್ಣೆ ತರಿಸಿ ಮೈಸೂರಿನ ಮನೆಮನೆಗೆ ತಲುಪಿಸುವ ಒಂದು ವ್ಯಾಪಾರ ಇದೆ ಅಂದುಕೊಳ್ಳಿ. ಹೊಸ ಗಿರಾಕಿಗಳು ಬರುವುದು ಎರಡು ಕಡೆಯಿಂದ: ಇನ್‌ಸ್ಟಾಗ್ರಾಂ ಜಾಹೀರಾತು, ಇನ್ನೊಂದು ಕುವೆಂಪುನಗರ, ವಿಜಯನಗರದ ಅಪಾರ್ಟ್‌ಮೆಂಟ್‌ಗಳಲ್ಲಿ ಭಾನುವಾರ ಹಾಕುವ ಸ್ಟಾಲ್.

ಜಾಹೀರಾತಿನಿಂದ ಬಂದ ಒಬ್ಬ ಗಿರಾಕಿಗೆ 350 ರೂಪಾಯಿ ಬೀಳುತ್ತದೆ. ವಿಡಿಯೊ ಮಾಡಿಸಿದ ಖರ್ಚು, ಮೊದಲ ಆರ್ಡರಿಗೆ ಕೊಟ್ಟ ರಿಯಾಯಿತಿ ಎಲ್ಲ ಇದರಲ್ಲೇ ಸೇರಿದೆ. ಸ್ಟಾಲಿಗೆ ತಿಂಗಳಿಗೆ 24,000 ಖರ್ಚು, 40 ಹೊಸ ಗಿರಾಕಿಗಳು, ತಲೆಗೆ 600. ಇಷ್ಟನ್ನೇ ನೋಡಿದವರು ಸ್ಟಾಲ್ ನಿಲ್ಲಿಸಿಬಿಡುತ್ತಾರೆ.

ಆ ಗಿರಾಕಿ ಮುಂದೆ ಎಷ್ಟು ಕೊಡುತ್ತಾರೆ ಎಂಬ ಲೆಕ್ಕವನ್ನು ಮಾರಾಟದ ಮೇಲೆ ಹಾಕಬಾರದು, ಕೈಯಲ್ಲಿ ಉಳಿಯುವ ಹಣದ ಮೇಲೆ ಹಾಕಬೇಕು. 600 ರೂಪಾಯಿಯ ಆರ್ಡರಿನಲ್ಲಿ ಮಾಲು, ಪ್ಯಾಕಿಂಗ್, ಡೆಲಿವರಿ ಕಳೆದರೆ ಉಳಿಯುವುದು 150 ಎಂದಿಟ್ಟುಕೊಳ್ಳಿ. ಇನ್‌ಸ್ಟಾಗ್ರಾಂನಿಂದ ಬಂದವರು ವರ್ಷದಲ್ಲಿ ಸರಾಸರಿ 2.4 ಸಲ ಕೊಂಡರೆ 360 ಸಿಕ್ಕಿತು, ಹಾಕಿದ್ದು ಮರಳಿತು ಅಷ್ಟೆ. ರುಚಿ ನೋಡಿ ಕೊಂಡ ಸ್ಟಾಲಿನವರು 10 ಸಲ ಕೊಂಡರೆ 1,500, ಅಂದರೆ ಖರ್ಚಿನ ಎರಡೂವರೆ ಪಟ್ಟು. ಮೂರು ಪಟ್ಟು ಇರಬೇಕು ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಅದು ಅಂದಾಜಿನ ಗೆರೆ, ನಿಯಮವಲ್ಲ.

ಹಾಗಾದರೆ ಸ್ಟಾಲಿಗೆ ಎಷ್ಟು ಬೇಕಾದರೂ ಸುರಿಯಬಹುದೆ? ಇಲ್ಲಿಯೇ ಹೆಚ್ಚಿನವರು ಎಡವುವುದು. ಖರ್ಚನ್ನು 36,000ಕ್ಕೆ ಏರಿಸಿದಾಗ ಗಿರಾಕಿಗಳು 52 ಆದರು ಎನ್ನಿ. ಹೆಚ್ಚಿಗೆ ಹಾಕಿದ 12,000ಕ್ಕೆ ಸಿಕ್ಕವರು 12 ಮಂದಿ, ತಲೆಗೆ 1,000. ಇದು ಇನ್ನೂ ಲಾಭವೇ. ಮತ್ತೆ 12,000 ಹಾಕಿ ಒಟ್ಟು 58 ಆದರೆ, ಕೊನೆಯ ಆರು ಮಂದಿಗೆ ತಲೆಗೆ 2,000 ಬಿತ್ತು. ಒಬ್ಬೊಬ್ಬರಿಂದ ಬರುವುದು 1,500 ಮಾತ್ರ. ಆದರೂ ಒಟ್ಟು ಸರಾಸರಿ ಸುಮಾರು 828 ಎಂದು ತೋರಿಸುತ್ತದೆ, ಆದ್ದರಿಂದ ನಷ್ಟ ಕಣ್ಣಿಗೇ ಬೀಳುವುದಿಲ್ಲ. ಒಳ್ಳೆಯ ಅಪಾರ್ಟ್‌ಮೆಂಟ್‌ಗಳು ಮೊದಲೇ ಮುಗಿದಿರುತ್ತವೆ, ಆಮೇಲೆ ಹೋದಲ್ಲಿ ಜನ ಕಡಿಮೆ. ಅದಕ್ಕೇ ಬಜೆಟ್ಟನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ಪ್ರತಿ ಸಲವೂ ಹೆಚ್ಚಿಗೆ ಹಾಕಿದ ಹಣವನ್ನು ಹೆಚ್ಚಿಗೆ ಬಂದ ಗಿರಾಕಿಗಳಿಂದಲೇ ಭಾಗಿಸಬೇಕು.

ಗಿರಾಕಿ ಯಾವ ದಾರಿಯವರು ಎಂಬುದನ್ನು ಮೊದಲ ಆರ್ಡರಿನ ಫೋನ್ ನಂಬರ್ ಜೊತೆಗೇ ಬರೆದಿಡಿ. ಸ್ಟಾಲಿನಲ್ಲಿ ಕೊಂಡವರು ಎರಡನೇ ಸಲ ಜಾಹೀರಾತು ಒತ್ತಿ ಕೊಂಡರೆ, ಇನ್‌ಸ್ಟಾಗ್ರಾಂ ಅವರನ್ನು ತನ್ನ ಖಾತೆಗೆ ಹಾಕಿಕೊಂಡಿರುತ್ತದೆ. ಜನವರಿಯಲ್ಲಿ ಬಂದವರ ಲೆಕ್ಕ ಬೇರೆಯೇ ಇರಲಿ. ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆಂದು ಕೊಂಡವರಲ್ಲಿ ಅನೇಕರು ಮತ್ತೆ ಬರುವುದಿಲ್ಲ. ಆ ತಿಂಗಳ ಅಗ್ಗದ ಖರ್ಚು ನಂಬಿ ಫೆಬ್ರವರಿಯಲ್ಲೇ ಬಜೆಟ್ ಏರಿಸಬೇಡಿ, ಅವರಲ್ಲಿ ಎಷ್ಟು ಜನ ಏಪ್ರಿಲ್ ಒಳಗೆ ಎರಡನೇ ಆರ್ಡರ್ ಕೊಟ್ಟರು ಎಂದು ಕಾದು ನೋಡಿ.